ತೆಂಗಿನ ನಾರಿನ ಪುಡಿ ಮತ್ತು ಕ್ರೋಮಿಯಂ ನೀರು

ಅಲ್ಲಾಳಸಂದ್ರದ ಓದುಗರೊಬ್ಬರು ಈ ಅಂಕಣಕ್ಕೆ ಪತ್ರ ಬರೆದಿದ್ದಾರೆ. ಅವರ ಮಗಳು ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ತೆಂಗಿನ ನಾರಿನ ಪುಡಿಯನ್ನು ಬಳಸಿ ಕೊಳಚೆ ನೀರಿನಲ್ಲಿರುವ ಭಾರಲೋಹಗಳನ್ನು ತೆಗೆಯುವುದು ಆಕೆಯ ಪ್ರಾಜೆಕ್ಟಿನ ವಿಷಯ. ಮೊದಲು ಒಂದು ಪ್ಯಾರಾದಷ್ಟು ಪ್ರಸ್ತಾವನೆ ಬರೆದು ತರಬೇಕೆಂದು ಮಾರ್ಗದರ್ಶಕರು ಹೇಳಿದ್ದಾರಂತೆ. ತಂದೆಗೆ ಇರುವ ಚಿಂತೆ ಬೇರೆ. ಮಗಳು ಮನೆಯ ಮಿಕ್ಸಿಯಲ್ಲೇ ನಾರಿನ ಪುಡಿಯನ್ನು ಅರೆಯುತ್ತಿದ್ದಾಳೆ, ಇದರಿಂದ ಅಪಾಯವಿಲ್ಲವೇ ಎಂಬುದು ಒಂದು ಪ್ರಶ್ನೆ. ಈ ಪುಡಿ ಅಷ್ಟು ಒಳ್ಳೆಯದಾದರೆ ನಮ್ಮ ಕೊಳವೆಬಾವಿಯ ನೀರಿಗೂ ಹಾಕಬಹುದೇ ಎಂಬುದು ಇನ್ನೊಂದು. ಮಗಳು ಬರೆದ ಪ್ಯಾರಾದ ಪ್ರತಿಯನ್ನೂ ಅವರು ಪತ್ರದೊಂದಿಗೆ ಲಗತ್ತಿಸಿದ್ದಾರೆ.

ಆ ಪ್ಯಾರಾ ಹೀಗಿದೆ: "ಭಾರಲೋಹಗಳು ಆರೋಗ್ಯಕ್ಕೆ ಹಾನಿಕರ. ಅಲ್ಲಾಳಸಂದ್ರ ಕೆರೆಯ ನೀರಿನಲ್ಲಿರುವ ಭಾರಲೋಹಗಳನ್ನು ಕೃಷಿ ತ್ಯಾಜ್ಯವಾದ ತೆಂಗಿನ ನಾರಿನ ಪುಡಿಯಿಂದ ತೆಗೆಯುವುದು ಈ ಯೋಜನೆಯ ಉದ್ದೇಶ. ಪಿಎಚ್, ಪುಡಿಯ ಪ್ರಮಾಣ, ಕಾಲ ಮತ್ತು ಉಷ್ಣತೆಯನ್ನು ಬದಲಿಸಿ ನೋಡಲಾಗುವುದು. ಶೇಕಡಾ 90ಕ್ಕಿಂತ ಹೆಚ್ಚು ಲೋಹವನ್ನು ತೆಗೆಯುವ ನಿರೀಕ್ಷೆಯಿದೆ. ಇದು ಅಗ್ಗದ ಹಾಗೂ ಪರಿಸರಸ್ನೇಹಿ ವಿಧಾನ."

ಇಂಥ ಪ್ಯಾರಾಗಳು ಪ್ರತಿವರ್ಷ ನೂರಾರು ಕಾಲೇಜುಗಳಲ್ಲಿ ಬರೆಯಲ್ಪಡುತ್ತವೆ. ತಪ್ಪೇನೂ ಇಲ್ಲವೆಂದು ತೋರುತ್ತದೆ. ಆದರೆ ಯಾವ ಲೋಹ, ಯಾವ ನೀರು, ಎಷ್ಟಕ್ಕೆ ಇಳಿದರೆ ಸಾಕು, ತೆಗೆದ ಲೋಹ ಎಲ್ಲಿಗೆ ಹೋಯಿತು ಎಂಬ ನಾಲ್ಕು ಪ್ರಶ್ನೆಗಳಿಗೆ ಇದರಲ್ಲಿ ಉತ್ತರವಿಲ್ಲ. ಈ ನಾಲ್ಕೂ ನೀರು ಕುಡಿಯುವವರ ಆರೋಗ್ಯಕ್ಕೆ ಸಂಬಂಧಿಸಿದವು. ಆದ್ದರಿಂದ ಈ ವಾರ ಅವನ್ನೇ ನೋಡೋಣ.

ಯಾವ ಲೋಹ, ಎಲ್ಲಿಯ ನೀರು?

ಮೊದಲು ಕೆರೆಯ ಮಾತು. ಊರಿನ ಕೆರೆಯ ಮೇಲಿನ ಅಭಿಮಾನ ಸಹಜವೇ. ಆದರೆ ಮನೆಗಳ ಚರಂಡಿ ನೀರು ಸೇರುವ ಕೆರೆಗಳ ಮುಖ್ಯ ರೋಗ ಸಾಮಾನ್ಯವಾಗಿ ಭಾರಲೋಹವಲ್ಲ. ಮಲಮೂತ್ರ ಮತ್ತು ಸಾಬೂನಿನಿಂದ ಬರುವ ಸಾರಜನಕ ಹಾಗೂ ರಂಜಕದಿಂದ ಪಾಚಿ, ಅಂತರಗಂಗೆ ಬೆಳೆಯುತ್ತವೆ. ಅವು ಕೊಳೆತಾಗ ನೀರಿನಲ್ಲಿನ ಆಮ್ಲಜನಕ ಮುಗಿದು ಮೀನು ಸಾಯುತ್ತವೆ. ಲೋಹಗಳು ಇದ್ದರೂ ನೀರಿನಲ್ಲಿ ಬಹಳ ಕಡಿಮೆ ಪ್ರಮಾಣದಲ್ಲಿದ್ದು, ಬಹುಪಾಲು ತಳದ ಹೂಳಿಗೆ ಅಂಟಿಕೊಂಡಿರುತ್ತವೆ. ಅಂಥ ಕೆರೆಗೆ ನಾರಿನ ಪುಡಿ ಸುರಿದರೆ ಕೊಳೆಯುವ ಪದಾರ್ಥವನ್ನು ಇನ್ನಷ್ಟು ಸೇರಿಸಿದಂತಾಗುತ್ತದೆಯೇ ಹೊರತು ಪ್ರಯೋಜನವಿಲ್ಲ. ಲೋಹ ಹಿಡಿಯುವ ಪುಡಿಗೆ ಕೆಲಸವಿರುವುದು ಲೋಹ ದಟ್ಟವಾಗಿರುವ ಕಡೆ, ಅಂದರೆ ಅದು ಹುಟ್ಟುವ ಕಾರ್ಖಾನೆಯ ತೊಟ್ಟಿಯ ಬಳಿ.

ಬೆಂಗಳೂರಿನವರಿಗೆ ಅದಕ್ಕೆ ದೂರ ಹೋಗಬೇಕಿಲ್ಲ. ಯಶವಂತಪುರ ದಾಟಿದರೆ ಪೀಣ್ಯ. 1970ರ ದಶಕದಿಂದ ಬೆಳೆದ ಈ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಬಹಳ. ಅವುಗಳಲ್ಲಿ ಹಲವು ಲೋಹಲೇಪನದ, ಅಂದರೆ ಪ್ಲೇಟಿಂಗ್ ಶೆಡ್ಡುಗಳು. ಸ್ಕೂಟರಿನ ಹ್ಯಾಂಡಲ್, ನಲ್ಲಿ, ಬಾಗಿಲ ಚಿಲಕಗಳಿಗೆ ಹೊಳಪು ಕೊಡುವ ಕ್ರೋಮ್ ಲೇಪನಕ್ಕೆ ಕ್ರೋಮಿಕ್ ಆಮ್ಲದ ತೊಟ್ಟಿ ಬೇಕು. ತೊಟ್ಟಿಯಿಂದ ಎತ್ತಿದ ಸಾಮಾನನ್ನು ನೀರಿನಲ್ಲಿ ಜಾಲಿಸಿದಾಗ ಅದಕ್ಕೆ ಅಂಟಿದ್ದ ಕ್ರೋಮಿಯಂ ಆ ನೀರಿಗೆ ಇಳಿದು ಹಳದಿ ಬಣ್ಣ ಬರುತ್ತದೆ. ಶುದ್ಧೀಕರಿಸದೆ ಬಿಟ್ಟ ಇಂಥ ನೀರು ಚರಂಡಿಗೂ ನೆಲಕ್ಕೂ ಸೇರುತ್ತದೆ. ಪೀಣ್ಯದ ಕೆಲವು ಕೊಳವೆಬಾವಿಗಳಲ್ಲಿ ಕ್ರೋಮಿಯಂ ಕುಡಿಯುವ ನೀರಿನ ಮಿತಿಯನ್ನು ಮೀರಿರುವುದು ಅಂತರ್ಜಲ ಸಮೀಕ್ಷೆಗಳಲ್ಲಿ ಕಂಡುಬಂದಿದೆ. ಆ ಕಡೆಯ ಚರಂಡಿಗಳ ನೀರು ಬಹುತೇಕ ವೃಷಭಾವತಿಯ ಕಡೆಗೆ ಹರಿದು, ಬಿಡದಿ ಸಮೀಪದ ಬೈರಮಂಗಲ ಕೆರೆಯ ಮೂಲಕ ಹೊಲಗಳನ್ನು ತಲುಪುತ್ತದೆ. ಅಲ್ಲಾಳಸಂದ್ರದ ಕೆರೆ ಇರುವುದು ಇನ್ನೊಂದು ಕಣಿವೆಯಲ್ಲಿ. ಪೀಣ್ಯದ ಚರಂಡಿ ಅಲ್ಲಿಗೆ ಹರಿಯುವುದಿಲ್ಲ.

ಹೀಗೆ "ಭಾರಲೋಹಗಳು" ಎಂಬ ಸಗಟು ಮಾತಿನ ಬದಲು "ಪ್ಲೇಟಿಂಗ್ ಶೆಡ್ಡಿನ ತೊಳೆನೀರಿನಲ್ಲಿರುವ ಕ್ರೋಮಿಯಂ" ಎಂದರೆ ಅರ್ಧ ಕೆಲಸ ಆದಂತೆ. ಸೀಸ, ಕ್ಯಾಡ್ಮಿಯಂ, ನಿಕ್ಕಲ್, ಕ್ರೋಮಿಯಂ ನೀರಿನಲ್ಲಿ ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ಸೀಸ, ನಿಕ್ಕಲ್‌ಗಳು ಧನ ವಿದ್ಯುದಂಶವುಳ್ಳ ಕಣಗಳಾಗಿರುತ್ತವೆ. ಪ್ಲೇಟಿಂಗ್ ನೀರಿನ ಕ್ರೋಮಿಯಂ ಆಮ್ಲಜನಕದೊಂದಿಗೆ ಸೇರಿ ಋಣ ವಿದ್ಯುದಂಶವುಳ್ಳ ಕಣವಾಗಿರುತ್ತದೆ. ಒಂದಕ್ಕೆ ಒಗ್ಗುವ ಪಿಎಚ್ ಇನ್ನೊಂದಕ್ಕೆ ಒಗ್ಗದು.

ಎರಡು ಕ್ರೋಮಿಯಂ

ಇಲ್ಲಿ ಓದುಗರು ಒಂದು ವಿಷಯವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೀರಿನಲ್ಲಿ ಕ್ರೋಮಿಯಂ ಎರಡು ವೇಷಗಳಲ್ಲಿ ಇರುತ್ತದೆ. ರಸಾಯನ ಶಾಸ್ತ್ರದವರು ಅವನ್ನು ಆರರ ಕ್ರೋಮಿಯಂ ಮತ್ತು ಮೂರರ ಕ್ರೋಮಿಯಂ ಎಂದು ಕರೆಯಬಹುದಾದ ಎರಡು ಸ್ಥಿತಿಗಳಾಗಿ ಬೇರ್ಪಡಿಸುತ್ತಾರೆ. ಆರರ ಕ್ರೋಮಿಯಂ ಹಳದಿ ಇಲ್ಲವೇ ಕಿತ್ತಳೆ ಬಣ್ಣದ್ದು, ನೀರಿನಲ್ಲಿ ಸುಲಭವಾಗಿ ಓಡಾಡುವಂಥದು, ಜೀವಕೋಶದೊಳಕ್ಕೆ ಸಲೀಸಾಗಿ ನುಗ್ಗುವಂಥದು. ಮೂರರ ಕ್ರೋಮಿಯಂ ಜೀವಕೋಶದೊಳಗೆ ಅಷ್ಟು ಸುಲಭವಾಗಿ ಹೋಗಲಾರದು. ಆದ್ದರಿಂದ ಅದರ ವಿಷಶಕ್ತಿ ಬಹಳ ಕಡಿಮೆ.

ಆರರ ಕ್ರೋಮಿಯಂನಿಂದ ಆಗುವ ತೊಂದರೆಯನ್ನು ಪ್ಲೇಟಿಂಗ್ ಕೆಲಸಗಾರರಲ್ಲಿ ಬಹಳ ಹಿಂದೆಯೇ ಗುರುತಿಸಲಾಯಿತು. ಕೈಗಳ ಮೇಲೆ ಬೇಗ ಮಾಯದ ಕುಳಿಯಂಥ ಹುಣ್ಣುಗಳು, ಚರ್ಮದ ಅಲರ್ಜಿ, ತೊಟ್ಟಿಯ ಮೇಲಿನ ಆವಿಯನ್ನು ಉಸಿರಾಡಿ ಮೂಗಿನ ನಡುಗೋಡೆಯಲ್ಲೇ ತೂತು ಬೀಳುವುದು ಇವೆಲ್ಲ ಅದರ ಗುರುತುಗಳು. ಆರರ ಕ್ರೋಮಿಯಂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1990ರಲ್ಲಿ ಹೇಳಿತು. ಅದಕ್ಕೆ ಮುಖ್ಯ ಆಧಾರ, ಅದನ್ನು ಉಸಿರಾಡಿದ ಕಾರ್ಮಿಕರ ಶ್ವಾಸಕೋಶದ ಕ್ಯಾನ್ಸರ್. ಕುಡಿಯುವ ನೀರಿನ ವಿಷಯದಲ್ಲಿ 2008ರಲ್ಲಿ ಪ್ರಕಟವಾದ ಅಮೆರಿಕದ ಪ್ರಾಣಿ ಪ್ರಯೋಗವೊಂದು ಮುಖ್ಯವಾದುದು. ದೀರ್ಘಕಾಲ ಹೆಚ್ಚು ಪ್ರಮಾಣದ ಆರರ ಕ್ರೋಮಿಯಂ ಬೆರೆತ ನೀರು ಕುಡಿದ ಹೆಗ್ಗಣಗಳ ಬಾಯಲ್ಲಿಯೂ, ಇಲಿಗಳ ಸಣ್ಣ ಕರುಳಿನಲ್ಲಿಯೂ ಗೆಡ್ಡೆಗಳು ಕಾಣಿಸಿಕೊಂಡವು. ನಮ್ಮ ಜಠರದ ಆಮ್ಲ ಮತ್ತು ಆಹಾರ ಸೇರಿ, ನುಂಗಿದ ಆರರ ಕ್ರೋಮಿಯಂನ ಬಹುಭಾಗವನ್ನು ಮೂರಕ್ಕೆ ಇಳಿಸುತ್ತವೆ. ಎಲ್ಲವನ್ನೂ ಅಲ್ಲ. ತಪ್ಪಿಸಿಕೊಂಡದ್ದು ಕರುಳಿಗೆ ಹೋಗುತ್ತದೆ.

ಜಠರದ ಈ ಮಾತನ್ನು ನೆನಪಿಡಿ. ಆಮ್ಲ ಮತ್ತು ಸಸ್ಯಜನ್ಯ ಪದಾರ್ಥ ಒಂದೆಡೆ ಸೇರಿದರೆ ಆರು ಮೂರಾಗುತ್ತದೆ. ನಾರಿನ ಪುಡಿಯ ಪ್ರಯೋಗದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ, ಅಲ್ಲಿಯೇ ವಿದ್ಯಾರ್ಥಿಗಳು ಎಡವುವುದು.

ಪುಡಿ ಲೋಹವನ್ನು ಹಿಡಿಯುವ ಬಗೆ

ತಿಪಟೂರು, ಅರಸೀಕೆರೆ ಕಡೆ ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಕಂದು ಬಣ್ಣದ ಹಗುರ ಪುಡಿ ಉಳಿಯುತ್ತದೆ. ಹಿಂದೆ ನಾರಿನ ಕಾರ್ಖಾನೆಗಳ ಪಕ್ಕದಲ್ಲಿ ಗುಡ್ಡೆ ಬಿದ್ದಿರುತ್ತಿತ್ತು. ಇಂದು ತಾರಸಿ ತೋಟದವರು ಕೋಕೋಪೀಟ್ ಎಂದು ಇಟ್ಟಿಗೆಯಾಕಾರದಲ್ಲಿ ಕೊಂಡು ತರುವುದು ಇದನ್ನೇ. (ಹೀಗಾಗಿ ಇದನ್ನು ಇನ್ನೂ "ಬೆಲೆಯಿಲ್ಲದ ತ್ಯಾಜ್ಯ" ಎಂದು ಬರೆಯುವುದು ಅಷ್ಟು ಸರಿಯಲ್ಲ.) ಲೋಹ ಮತ್ತು ಬಣ್ಣಗಳನ್ನು ಹಿಡಿಯಲು ಇದನ್ನೂ ಇದರ ಇದ್ದಿಲನ್ನೂ ಬಳಸಬಹುದೆಂದು ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯದಲ್ಲಿ ಸಿ. ನಮಶಿವಾಯಂ ಮತ್ತು ಅವರ ಸಂಗಡಿಗರು 1990ರ ದಶಕದಲ್ಲೇ ತೋರಿಸಿದರು. ಕಡಲೆಕಾಯಿ ಸಿಪ್ಪೆ, ಭತ್ತದ ಹೊಟ್ಟು, ಕಾಫಿ ಸಿಪ್ಪೆ, ಮರದ ಪುಡಿಗಳ ಮೇಲೂ ಇಂಥ ಕೆಲಸ ಸಾಕಷ್ಟು ನಡೆದಿದೆ. ಆದ್ದರಿಂದ "ನಾರಿನ ಪುಡಿ ಕ್ರೋಮಿಯಂ ಹಿಡಿಯುತ್ತದೆಯೇ?" ಎಂಬುದು ಈಗ ಪ್ರಶ್ನೆಯೇ ಅಲ್ಲ.

ಸ್ಪಂಜು ನೀರನ್ನು ಹೀರಿದಂತೆ ಪುಡಿ ಲೋಹವನ್ನು ಒಳಕ್ಕೆ ಹೀರುವುದಿಲ್ಲ. ಲೋಹದ ಕಣ ಪುಡಿಯ ಮೇಲ್ಮೈಗೆ ಬಂದು ಅಂಟಿಕೊಳ್ಳುತ್ತದೆ. ಇದಕ್ಕೆ ಅಧಿಹೀರಿಕೆ ಎಂದು ಹೆಸರು. ನೀರಿಗೆ ಆಮ್ಲ ಹಾಕಿ ಪಿಎಚ್ ಅನ್ನು 2ರ ಸುಮಾರಿಗೆ ಇಳಿಸಿದಾಗ ಪುಡಿಯ ಮೇಲ್ಮೈ ಧನ ವಿದ್ಯುದಂಶ ಪಡೆಯುತ್ತದೆ, ಋಣ ವಿದ್ಯುದಂಶದ ಕ್ರೋಮಿಯಂ ಕಣವನ್ನು ಸೆಳೆಯುತ್ತದೆ. ಮುಂದಿನದು ಹೆಚ್ಚು ಸ್ವಾರಸ್ಯದ ಹಂತ. ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಧಾರಾಳವಾಗಿದೆ. ಅದು ಕ್ರೋಮಿಯಂಗೆ ಎಲೆಕ್ಟ್ರಾನ್‌ಗಳನ್ನು ಕೊಟ್ಟು ಆರನ್ನು ಮೂರಕ್ಕೆ ಇಳಿಸುತ್ತದೆ. ಹಾಗೆ ಹುಟ್ಟಿದ ಮೂರರ ಕ್ರೋಮಿಯಂನಲ್ಲಿ ಸ್ವಲ್ಪ ಪುಡಿಗೇ ಅಂಟಿಕೊಂಡು ಉಳಿಯುತ್ತದೆ. ಆದರೆ ಈಗ ಅದು ಸ್ವತಃ ಧನ ವಿದ್ಯುದಂಶದ ಕಣ. ಧನ ವಿದ್ಯುದಂಶದ ಮೇಲ್ಮೈ ಅದನ್ನು ದೂರ ತಳ್ಳುತ್ತದೆ. ಆದ್ದರಿಂದ ಅದರ ಒಂದು ಪಾಲು ಮರಳಿ ನೀರಿಗೇ ಹೋಗುತ್ತದೆ.

ಶೇಕಡಾ 90ರ ಹಿಂದಿನ ಲೆಕ್ಕ

ಈಗ ಪ್ರಯೋಗಶಾಲೆಗೆ ಹೋಗೋಣ. ವಿದ್ಯಾರ್ಥಿನಿ 141.4 ಮಿಲಿಗ್ರಾಂ ಪೊಟ್ಯಾಸಿಯಂ ಡೈಕ್ರೋಮೇಟನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸುತ್ತಾಳೆ. ಆಗ ಲೀಟರಿಗೆ 50 ಮಿಲಿಗ್ರಾಂ ಕ್ರೋಮಿಯಂ ಇರುವ ನೀರು ಸಿದ್ಧ. ಅದರಲ್ಲಿ 100 ಮಿಲಿಲೀಟರ್ ತೆಗೆದುಕೊಂಡು ಪಿಎಚ್ 2ಕ್ಕೆ ತಂದು, ಅರ್ಧ ಗ್ರಾಂ ಪುಡಿ ಹಾಕಿ, ಕೆಲವು ಗಂಟೆ ಕುಲುಕಿ ಸೋಸುತ್ತಾಳೆ. ಸೋಸಿದ ನೀರಿಗೆ ಡೈಫಿನೈಲ್ ಕಾರ್ಬಜೈಡ್ ಎಂಬ ರಾಸಾಯನಿಕ ಹಾಕಿದರೆ ನೇರಳೆ ಬಣ್ಣ ಬರುತ್ತದೆ. ಬಣ್ಣ ಎಷ್ಟು ಗಾಢವೆಂದು ಯಂತ್ರದಲ್ಲಿ ಅಳೆದು ಕ್ರೋಮಿಯಂ ಎಷ್ಟು ಉಳಿಯಿತೆಂದು ಲೆಕ್ಕ ಹಾಕುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಉಳಿದಿದೆ ಎಂದು ಉದಾಹರಣೆಗೆ ಇಟ್ಟುಕೊಳ್ಳೋಣ. ಐವತ್ತರಲ್ಲಿ ನಲವತ್ತೈದು ಹೋಯಿತು. ಶೇಕಡಾ 90!

ಸಂತೋಷಪಡುವ ಮೊದಲು ಎರಡು ಮಾತು. ಕಾರ್ಖಾನೆಯ ನೀರನ್ನು ಹೊಳೆ ಕೆರೆಗಳಿಗೆ ಬಿಡಬೇಕಾದರೆ ಆರರ ಕ್ರೋಮಿಯಂ ಲೀಟರಿಗೆ 0.1 ಮಿಲಿಗ್ರಾಂ ಮೀರಬಾರದು, ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮೀರಬಾರದು ಎಂಬುದು ನಮ್ಮ ದೇಶದ ನಿಯಮ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ ಶೇಕಡಾ 90 ತೆಗೆದ ಮೇಲೂ ಈ ನೀರಿನಲ್ಲಿ ಹೊರಬಿಡುವ ಮಿತಿಯ 50 ಪಟ್ಟು, ಕುಡಿಯುವ ಮಿತಿಯ 100 ಪಟ್ಟು ಆರರ ಕ್ರೋಮಿಯಂ ಇದೆ. ಪ್ರಬಂಧದಲ್ಲಿ ಶೇಕಡಾ 90 ಉತ್ತಮ ದರ್ಜೆ. ಕರುಳಿಗೆ ಶೇಕಡಾವಾರು ಗೊತ್ತಿಲ್ಲ, ಉಳಿದದ್ದು ಎಷ್ಟು ಎಂಬುದಷ್ಟೇ ಗೊತ್ತು. ಗುರಿಯನ್ನು ಶೇಕಡಾವಾರಿನಲ್ಲಿ ಬರೆಯದೆ ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯಬೇಕೆನ್ನುವುದು ಇದಕ್ಕೇ.

ಎರಡನೆಯ ಮಾತು ಇನ್ನೂ ಮುಖ್ಯ. ಆ ನೇರಳೆ ಬಣ್ಣ ಬರುವುದು ಆರರ ಕ್ರೋಮಿಯಂಗೆ ಮಾತ್ರ. ಮೂರರ ಕ್ರೋಮಿಯಂ ನೀರಿನಲ್ಲಿ ಎಷ್ಟೇ ಇರಲಿ, ಈ ಪರೀಕ್ಷೆಗೆ ಅದು ಕಾಣುವುದೇ ಇಲ್ಲ. ಅದೇ ಸೋಸಿದ ನೀರನ್ನು ಒಟ್ಟು ಕ್ರೋಮಿಯಂ ಅಳೆಯುವ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರಕ್ಕೆ ಕೊಟ್ಟೆವೆನ್ನಿ. ಅದು ಲೀಟರಿಗೆ 20 ಮಿಲಿಗ್ರಾಂ ತೋರಿಸಿತು ಎಂದು ಭಾವಿಸೋಣ. ಆಗ ಚಿತ್ರವೇ ಬೇರೆಯಾಗುತ್ತದೆ. ನೀರಿನಲ್ಲಿ ಉಳಿದ ಇಪ್ಪತ್ತರಲ್ಲಿ ಐದು ಆರರ ಕ್ರೋಮಿಯಂ, ಹದಿನೈದು ಮೂರರ ಕ್ರೋಮಿಯಂ. ಪುಡಿಗೆ ನಿಜವಾಗಿ ಅಂಟಿದ್ದು ಐವತ್ತರಲ್ಲಿ ಮೂವತ್ತು ಮಾತ್ರ, ಅಂದರೆ ಶೇಕಡಾ 60. ಪ್ರತಿ ಗ್ರಾಂ ಪುಡಿ 9 ಮಿಲಿಗ್ರಾಂ ಹಿಡಿಯಿತೆಂದು ಬರೆಯುವವರಿದ್ದರು, ಹಿಡಿದದ್ದು 6 ಮಿಲಿಗ್ರಾಂ. ಮಿಕ್ಕದ್ದು ಎಲ್ಲಿಗೂ ಹೋಗಿಲ್ಲ, ವೇಷ ಬದಲಿಸಿ ನೀರಿನಲ್ಲೇ ಇದೆ.

ವಿಷ ಕಡಿಮೆಯಾಯಿತಲ್ಲ, ಅದೂ ಲಾಭವೇ ಅಲ್ಲವೇ ಎಂದು ಕೇಳಬಹುದು. ಲಾಭವೇ ಹೌದು. ಆದರೆ ಮೂರರ ಕ್ರೋಮಿಯಂ ಯಾವಾಗಲೂ ಮೂರಾಗಿಯೇ ಉಳಿಯುತ್ತದೆಂಬ ಭರವಸೆಯಿಲ್ಲ. ಮಣ್ಣಿನಲ್ಲಿರುವ ಮ್ಯಾಂಗನೀಸಿನ ಆಕ್ಸೈಡುಗಳು, ನೀರಿಗೆ ಹಾಕುವ ಕ್ಲೋರಿನ್ ಅದನ್ನು ಮರಳಿ ಆರಕ್ಕೆ ಏರಿಸಬಲ್ಲವು. ಅದಕ್ಕಾಗಿ ಅದನ್ನೂ ನೀರಿನಿಂದ ಬೇರ್ಪಡಿಸಬೇಕು. ಅದೃಷ್ಟವಶಾತ್ ಇದು ಸುಲಭ. ಆಮ್ಲೀಯ ನೀರಿಗೆ ಸುಣ್ಣ ಹಾಕಿ ಪಿಎಚ್ ಅನ್ನು 8ರಿಂದ 9ಕ್ಕೆ ಏರಿಸಿದರೆ ಮೂರರ ಕ್ರೋಮಿಯಂ ಹಸಿರು ಮಿಶ್ರಿತ ಗಸಿಯಾಗಿ ತಳಕ್ಕೆ ಕೂರುತ್ತದೆ. ಆರರ ಕ್ರೋಮಿಯಂ ಹೀಗೆ ಕೂರುವುದಿಲ್ಲ.

ಪ್ಲೇಟಿಂಗ್ ಶೆಡ್ಡಿನವರು ಈಗಲೂ ಅನುಸರಿಸುವ ಹಳೆಯ ವಿಧಾನ ಇದೇ ದಾರಿಯದು. ಅವರು ಆಮ್ಲೀಯ ನೀರಿಗೆ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಆರನ್ನು ಮೂರು ಮಾಡುತ್ತಾರೆ, ನಂತರ ಸುಣ್ಣ ಹಾಕಿ ಗಸಿ ಇಳಿಸುತ್ತಾರೆ. ಹಾಗಾದರೆ ನಾರಿನ ಪುಡಿ ನಿಜಕ್ಕೂ ಮಾಡುತ್ತಿರುವುದೇನು? ಅರ್ಧದಷ್ಟು ಮೆಟಾಬೈಸಲ್ಫೈಟಿನ ಕೆಲಸ, ಅರ್ಧದಷ್ಟು ಜರಡಿಯ ಕೆಲಸ. ನನ್ನ ದೃಷ್ಟಿಯಲ್ಲಿ ಈ ಪ್ರಾಜೆಕ್ಟಿನಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಆ ಎರಡು ಪಾಲು ಎಷ್ಟೆಷ್ಟು, ಮತ್ತು ಹಳೆಯ ವಿಧಾನಕ್ಕಿಂತ ಇದರಿಂದ ಖರ್ಚಿನಲ್ಲೋ ಗಸಿಯಲ್ಲೋ ಏನಾದರೂ ಉಳಿತಾಯವಿದೆಯೇ?

ತಿದ್ದಿದ ಪ್ಯಾರಾ

ಇಷ್ಟನ್ನು ಗಮನದಲ್ಲಿಟ್ಟು ಆಕೆಯ ಪ್ಯಾರಾವನ್ನು ಹೀಗೆ ಬರೆಯಬಹುದು:

"ಕ್ರೋಮ್ ಪ್ಲೇಟಿಂಗ್ ಘಟಕಗಳ ತೊಳೆನೀರಿನಲ್ಲಿ ಆರರ ಕ್ರೋಮಿಯಂ ಇರುತ್ತದೆ. ತೆಂಗಿನ ನಾರಿನ ಪುಡಿ ಆಮ್ಲೀಯ ನೀರಿನಲ್ಲಿ ಇದನ್ನು ಕಡಿಮೆ ಮಾಡುತ್ತದೆಂದು ಈಗಾಗಲೇ ತಿಳಿದಿದೆ. ಹೀಗೆ ಕಡಿಮೆಯಾಗುವುದರಲ್ಲಿ ಪುಡಿಗೆ ಅಂಟಿದ ಪಾಲು ಎಷ್ಟು, ಮೂರರ ಕ್ರೋಮಿಯಂ ಆಗಿ ನೀರಿನಲ್ಲೇ ಉಳಿದ ಪಾಲು ಎಷ್ಟು ಎಂದು ಕಂಡುಹಿಡಿಯುವುದು ಈ ಯೋಜನೆಯ ಉದ್ದೇಶ. ಬಣ್ಣ ಬಿಡುವುದು ನಿಲ್ಲುವವರೆಗೆ ತೊಳೆದು ಒಣಗಿಸಿ ಜರಡಿ ಹಿಡಿದ ಪುಡಿಯನ್ನು ಲೀಟರಿಗೆ 5 ಗ್ರಾಂನಂತೆ, 50 ಮಿಲಿಗ್ರಾಂ ಕ್ರೋಮಿಯಂ ಇರುವ ನೀರಿನಲ್ಲಿ, ಪಿಎಚ್ 2ರಿಂದ 6ರವರೆಗೆ ಪರೀಕ್ಷಿಸಲಾಗುವುದು. ಪ್ರತಿ ಮಾದರಿಯಲ್ಲೂ ಆರರ ಕ್ರೋಮಿಯಂ ಮತ್ತು ಒಟ್ಟು ಕ್ರೋಮಿಯಂ ಎರಡನ್ನೂ ಅಳೆಯಲಾಗುವುದು. ಪುಡಿಯಿಲ್ಲದ ಕ್ರೋಮಿಯಂ ನೀರು ಮತ್ತು ಕ್ರೋಮಿಯಂ ಇಲ್ಲದ ಪುಡಿನೀರು ಹೋಲಿಕೆಗೆ ಇರುತ್ತವೆ. ಪ್ರತಿ ಪ್ರಯೋಗವನ್ನು ಮೂರು ಬಾರಿ ಮಾಡಲಾಗುವುದು. ಕೊನೆಯಲ್ಲಿ ಒಂದು ಘಟಕದ ನಿಜವಾದ ತೊಳೆನೀರಿನ ಮೇಲೆ ಇದನ್ನು ಮೆಟಾಬೈಸಲ್ಫೈಟ್ ವಿಧಾನದೊಂದಿಗೆ ಹೋಲಿಸಿ, ಸುಣ್ಣ ಹಾಕಿದ ನಂತರ ಆರರ ಕ್ರೋಮಿಯಂ 0.1 ಹಾಗೂ ಒಟ್ಟು ಕ್ರೋಮಿಯಂ 2 ಮಿಲಿಗ್ರಾಂ ಮಿತಿಯೊಳಗೆ ಬರುವುದೇ ಎಂದು ನೋಡಲಾಗುವುದು. ಬಳಸಿದ ಪುಡಿಯಿಂದ ಕ್ರೋಮಿಯಂ ಮತ್ತೆ ನೀರಿಗೆ ಬಿಡುವುದೇ ಎಂಬುದನ್ನೂ ಪರೀಕ್ಷಿಸಲಾಗುವುದು."

ಪುಡಿಯನ್ನು ತೊಳೆಯುವ ಮಾತು ಸುಮ್ಮನೆ ಸೇರಿಸಿದ್ದಲ್ಲ. ಹಸಿ ನಾರಿನ ಪುಡಿ ಚಹಾದಂತೆ ಕಂದು ಬಣ್ಣ ಬಿಡುತ್ತದೆ. ಆ ಬಣ್ಣ ನೇರಳೆ ಬಣ್ಣದ ಅಳತೆಯನ್ನು ಕೆಡಿಸುತ್ತದೆ. ಅದರಲ್ಲಿರುವ ಟ್ಯಾನಿನ್‌ಗಳು ಸೋಸಿದ ನೀರಿನಲ್ಲೂ ಆರನ್ನು ಮೂರು ಮಾಡುತ್ತಲೇ ಇರುತ್ತವೆ. ಕ್ರೋಮಿಯಂ ಇಲ್ಲದ ಪುಡಿನೀರಿನ ಸೀಸೆಯಲ್ಲೂ ಯಂತ್ರ ಏನಾದರೂ ತೋರಿಸಿತೆಂದರೆ ಪುಡಿ ಸರಿಯಾಗಿ ತೊಳೆದಿಲ್ಲವೆಂದು ತಿಳಿಯಬೇಕು. ಕಾರ್ಖಾನೆಯ ನೀರು ತರುವಾಗಲೂ ಎಚ್ಚರ ಬೇಕು. ಒಟ್ಟು ಕ್ರೋಮಿಯಂಗೆ ಇಡುವ ಸೀಸೆಗೆ ನೈಟ್ರಿಕ್ ಆಮ್ಲ ಹಾಕುತ್ತಾರೆ. ಆರರ ಕ್ರೋಮಿಯಂಗೆ ಇಡುವ ಸೀಸೆಗೆ ಅದನ್ನು ಹಾಕಿದರೆ ದಾರಿಯಲ್ಲೇ ಆರು ಮೂರಾಗಿ ಅಳತೆ ತಪ್ಪುತ್ತದೆ. ಅದನ್ನು ಬೇರೆ ಸೀಸೆಯಲ್ಲಿ ತಂಪಾಗಿ ತಂದು ಬೇಗ ಪರೀಕ್ಷಿಸಬೇಕು. ನಿಜವಾದ ತೊಳೆನೀರಿನಲ್ಲಿ ನಿಕ್ಕಲ್, ಸಲ್ಫೇಟ್, ಎಣ್ಣೆಗಳೂ ಇರುವುದರಿಂದ ಪುಡಿಯ ಶಕ್ತಿ ಶುದ್ಧ ದ್ರಾವಣದಲ್ಲಿದ್ದಷ್ಟು ಇರುವುದಿಲ್ಲ. ಆ ಅಂಕಿ ಕಡಿಮೆ ಬಂದರೆ ಬೇಸರಪಡದೆ ಹಾಗೆಯೇ ಬರೆಯುವುದು ಒಳ್ಳೆಯದು.

ಮಿಕ್ಸಿ ಮತ್ತು ಕೊಳವೆಬಾವಿ

ಇನ್ನು ತಂದೆಯ ಪ್ರಶ್ನೆಗಳು. ಲೋಹ ಸೋಕದ ನಾರಿನ ಪುಡಿಯನ್ನು ಅರೆಯುವುದರಲ್ಲಿ ವಿಷವೇನೂ ಇಲ್ಲ. ಧೂಳು ಮಾತ್ರ ಕೆಮ್ಮು ಬರಿಸುತ್ತದೆ, ಅಸ್ತಮಾ ಇರುವವರು ದೂರವಿರಬೇಕು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೇರೆಯದೊಂದು ಹಳೆಯ ಜಾರಿನಲ್ಲಿ ಅರೆಯಲಿ. ಆದರೆ ಕ್ರೋಮಿಯಂ ನೀರಿನಲ್ಲಿ ಒಮ್ಮೆ ಅದ್ದಿದ ಪುಡಿ, ಅದನ್ನು ಸೋಸಿದ ಕಾಗದ, ಮುಟ್ಟಿದ ಚಮಚ ಯಾವುದೂ ಮನೆಗೆ ಬರಕೂಡದು. ಪೊಟ್ಯಾಸಿಯಂ ಡೈಕ್ರೋಮೇಟ್ ಕಿತ್ತಳೆ ಬಣ್ಣದ ಸುಂದರ ಹರಳು, ಮಕ್ಕಳ ಕಣ್ಣಿಗೆ ಕಲ್ಲುಸಕ್ಕರೆಯಂತೆ ಕಾಣುವಂಥದು. ಅದರ ಡಬ್ಬಿ ಪ್ರಯೋಗಶಾಲೆಯ ಬೀರುವಿನಲ್ಲೇ ಇರಬೇಕು. ಅದನ್ನು ತೂಗುವಾಗ ಕೈಗವಸು, ಕನ್ನಡಕ ಬೇಕೇ ಬೇಕು. ಕೈಗೆ ಗಾಯವಾಗಿದ್ದರೆ ಆ ದಿನ ಆ ಕೆಲಸ ಬೇಡ.

ಕೊಳವೆಬಾವಿಯ ನೀರಿಗೆ ನಾರಿನ ಪುಡಿ ಹಾಕಬಾರದು. ಮೇಲೆ ಹೇಳಿದ ಕ್ರಿಯೆಗೆ ಪಿಎಚ್ 2ರ ಆಮ್ಲ ಬೇಕು. ಕೊಳವೆಬಾವಿಯ ನೀರು ಸಾಮಾನ್ಯವಾಗಿ 7ರ ಆಸುಪಾಸಿನದು. ಆ ನೀರಿನಲ್ಲಿ ಪುಡಿ ಆರರ ಕ್ರೋಮಿಯಂ ಅನ್ನು ಹಿಡಿಯುವುದು ತೀರ ಕಡಿಮೆ. ಬದಲಿಗೆ ಕಂದು ಬಣ್ಣ ಬಿಟ್ಟು, ಕೆಲವೇ ದಿನಗಳಲ್ಲಿ ಕೊಳೆತು, ರೋಗಾಣುಗಳ ತವರಾಗುತ್ತದೆ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆ, ಕ್ರೋಮಿಯಂ ಸಾಯುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕಣ್ಣಿಗೆ ಹಳದಿ ಕಾಣದಿದ್ದರೆ ಕ್ರೋಮಿಯಂ ಇಲ್ಲವೆಂದೂ ತಿಳಿಯಬಾರದು, ಕುಡಿಯುವ ಮಿತಿಯ ಹತ್ತಾರು ಪಟ್ಟು ಇದ್ದರೂ ಲೋಟದಲ್ಲಿ ಬಣ್ಣ ಗೊತ್ತಾಗದೆ ಹೋಗಬಹುದು.

ಕಾರ್ಖಾನೆಗಳ ಸಮೀಪ ಇರುವವರು ಪ್ರಯೋಗಶಾಲೆಗೆ ನೀರು ಕೊಡುವಾಗ "ಒಟ್ಟು ಕ್ರೋಮಿಯಂ" ಪರೀಕ್ಷೆಯನ್ನು ಹೆಸರಿಸಿಯೇ ಕೇಳಬೇಕು. ಗಡಸುತನ, ಫ್ಲೋರೈಡ್, ನೈಟ್ರೇಟ್ ನೋಡುವ ಸಾಮಾನ್ಯ ಪರೀಕ್ಷೆಯಲ್ಲಿ ಅದು ಇರದೆ ಹೋಗಬಹುದು. 0.05 ಮಿಲಿಗ್ರಾಂಗಿಂತ ಹೆಚ್ಚು ಬಂದರೆ ಆ ನೀರನ್ನು ಕುಡಿಯಲು, ಅಡುಗೆಗೆ ಬಳಸುವುದನ್ನು ನಿಲ್ಲಿಸಿ ಕಾವೇರಿ ನೀರನ್ನೋ ಬೇರೆ ಮೂಲವನ್ನೋ ನೋಡಿಕೊಳ್ಳಬೇಕು. ಸುಸ್ಥಿತಿಯಲ್ಲಿರುವ ಆರ್.ಓ. ಯಂತ್ರ ಕ್ರೋಮಿಯಂ ಅನ್ನು ಬಹುಮಟ್ಟಿಗೆ ತಡೆಯುತ್ತದೆ. ಆದರೆ ಅದು ಹೊರಬಿಡುವ ನೀರಿನಲ್ಲಿ ಕ್ರೋಮಿಯಂ ಇನ್ನೂ ದಟ್ಟವಾಗಿರುತ್ತದೆ. ಅದನ್ನು ಸೊಪ್ಪಿನ ಮಡಿಗೆ ಬಿಡಬಾರದು.

ಬಳಸಿದ ಪುಡಿ

ಪ್ರಬಂಧಗಳಲ್ಲಿ ಎಲ್ಲರೂ ಒಂದು ಸಾಲಿನಲ್ಲಿ ಮುಗಿಸಿಬಿಡುವ ವಿಷಯ ಇದು. ಲೀಟರಿಗೆ 5 ಗ್ರಾಂ ಪುಡಿ ಎಂಬುದು ಪ್ರಯೋಗಶಾಲೆಯ ಬಟ್ಟಲಿನಲ್ಲಿ ಒಂದು ಚಿಟಿಕೆ. ದಿನಕ್ಕೆ 10 ಸಾವಿರ ಲೀಟರ್ ತೊಳೆನೀರು ಬಿಡುವ ಒಂದು ಶೆಡ್ಡಿಗೆ ಅದೇ ಲೆಕ್ಕ ಹಾಕಿದರೆ ದಿನಕ್ಕೆ 50 ಕಿಲೋ ಪುಡಿ ಬೇಕು. ತಿಂಗಳಲ್ಲಿ 25 ದಿನ ಕೆಲಸವೆಂದರೆ ಒಂದೂಕಾಲು ಟನ್, ಅದೂ ಒಣ ಪುಡಿಯ ತೂಕ. ನೀರು ಕುಡಿದು ಹೊರಬರುವಾಗ ಅದರ ಹಲವು ಪಟ್ಟು ಭಾರವಾಗಿರುತ್ತದೆ. ಮೇಲಿನ ಉದಾಹರಣೆಯ ಪ್ರಕಾರ ಪ್ರತಿದಿನ ಆ 50 ಕಿಲೋ ಪುಡಿಯಲ್ಲಿ 300 ಗ್ರಾಂ ಕ್ರೋಮಿಯಂ ಕೂತಿರುತ್ತದೆ.

ಕ್ಷಾರದಲ್ಲಿ ತೊಳೆದು ಪುಡಿಯನ್ನು ಮತ್ತೆ ಬಳಸಬಹುದೆಂದು ಬರೆಯುವುದುಂಟು. ಆರಾಗಿಯೇ ಅಂಟಿದ ಕ್ರೋಮಿಯಂ ಕ್ಷಾರಕ್ಕೆ ಬಿಟ್ಟುಕೊಡುತ್ತದೆ, ಮೂರಾಗಿ ಅಂಟಿದ್ದು ಸುಲಭವಾಗಿ ಬಿಡದು. ಪುಡಿಯೂ ಪ್ರತಿ ಸಲ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಸುಟ್ಟರೆ ತೂಕ ಇಳಿಯುತ್ತದೆ. ಆದರೆ ಗಾಳಿಯಲ್ಲಿ ಸುಟ್ಟಾಗ ಬೂದಿಯಲ್ಲಿನ ಕ್ಷಾರದ ಜೊತೆ ಸೇರಿ ಮೂರು ಮತ್ತೆ ಆರಾಗುವ ಸಂಭವವಿದೆ. ಆಗ ಇಷ್ಟು ಶ್ರಮಪಟ್ಟು ಕಡಿಮೆ ಮಾಡಿದ ವಿಷ ಬೂದಿಯ ರೂಪದಲ್ಲಿ ಎದುರು ನಿಲ್ಲುತ್ತದೆ. ಸದ್ಯಕ್ಕೆ ಇರುವ ದಾರಿ, ಅದನ್ನು ಅಪಾಯಕಾರಿ ತ್ಯಾಜ್ಯವೆಂದು ಪರಿಗಣಿಸಿ, ಚೀಲದ ಮೇಲೆ ಹೆಸರು ಬರೆದು, 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಪರವಾನಗಿ ಪಡೆದ ವಿಲೇವಾರಿ ಘಟಕಕ್ಕೆ ಒಪ್ಪಿಸುವುದು. ಆ ಸಾಗಣೆಯ, ವಿಲೇವಾರಿಯ ಖರ್ಚನ್ನು ಸೇರಿಸದೆ "ಅಗ್ಗದ ವಿಧಾನ" ಎಂದು ಬರೆಯುವಂತಿಲ್ಲ.

ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಉಳಿಯುವುದು ಅಬ್ಬಬ್ಬಾ ಎಂದರೆ ಒಂದೆರಡು ಕಿಲೋ. ಅದನ್ನೂ ಕಾಲೇಜಿನ ರಾಸಾಯನಿಕ ತ್ಯಾಜ್ಯದ ಡಬ್ಬಕ್ಕೇ ಹಾಕಬೇಕು. ಒಣಗಿದ ಮೇಲೆ ಅದು ನೋಡಲು ಅಂಗಡಿಯ ಕೋಕೋಪೀಟಿನಂತೆಯೇ ಇರುತ್ತದೆ. ಹಿತ್ತಲಿನ ಗೊಬ್ಬರದ ಗುಂಡಿಗೋ ತಾರಸಿಯ ಟೊಮೇಟೊ ಕುಂಡಕ್ಕೋ ಯಾರಾದರೂ ತಿಳಿಯದೆ ಸುರಿದುಬಿಡಬಹುದು. ಚೀಲದ ಮೇಲೆ ದೊಡ್ಡ ಅಕ್ಷರಗಳಲ್ಲಿ "ಕ್ರೋಮಿಯಂ" ಎಂದು ಕನ್ನಡದಲ್ಲೂ ಬರೆದಿಡಿ, ಪ್ರಯೋಗಶಾಲೆ ಗುಡಿಸುವವರಿಗೂ ಅದು ಓದಲು ಬರಬೇಕು.